ಗುರುತಿಲ್ಲದ ಇಂಟಿಗ್ರಲ್ ಎದುರಾದಾಗ ಮೊದಲು ಏನನ್ನು ನೋಡಬೇಕು?

ಪಿಯುಸಿ ಎರಡನೇ ವರ್ಷದ ಗಣಿತದಲ್ಲಿ ಇಂಟಿಗ್ರೇಶನ್ ಅಧ್ಯಾಯ ಬಂದಾಗ ಮಕ್ಕಳು ಒಂದೊಂದೇ ವಿಧಾನ ಕಲಿಯುತ್ತಾರೆ. ಸಬ್‌ಸ್ಟಿಟ್ಯೂಷನ್ ಅಭ್ಯಾಸದಲ್ಲಿ ಎಲ್ಲ ಲೆಕ್ಕಗಳೂ ಸಬ್‌ಸ್ಟಿಟ್ಯೂಷನ್‌ನವೇ, ಬೈ ಪಾರ್ಟ್ಸ್ ಅಭ್ಯಾಸದಲ್ಲಿ ಎಲ್ಲವೂ ಬೈ ಪಾರ್ಟ್ಸ್‌ನವೇ. ಯಾವ ವಿಧಾನ ಎಂಬುದನ್ನು ಅಭ್ಯಾಸದ ತಲೆಬರಹವೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ಆ ತಲೆಬರಹ ಇರುವುದಿಲ್ಲ. ಆಗ ಬೇಕಾಗುವುದು ಬೇರೆಯೇ ಒಂದು ವಿದ್ಯೆ: ಕೊಟ್ಟಿರುವ ಫಂಕ್ಷನ್‌ನ ರಚನೆಯನ್ನು ಓದಿ, ದಾರಿಯನ್ನು ನಾವೇ ಆರಿಸಿಕೊಳ್ಳುವುದು.

ನೋಡಲು ಒಂದೇ ಥರ ಕಾಣುವ ನಾಲ್ಕು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

∫ x·eˣ dx
∫ x·e^(x²) dx
∫ x³·e^(x²) dx
∫ e^(x²) dx

ಮೊದಲನೆಯದರಲ್ಲಿ x ಮತ್ತು eˣ ಎಂಬ ಎರಡು ಬೇರೆ ಜಾತಿಯ ಫಂಕ್ಷನ್‌ಗಳ ಗುಣಾಕಾರವಿದೆ. ಅದಕ್ಕೆ ಬೈ ಪಾರ್ಟ್ಸ್ ಸರಿ. ಉತ್ತರ (x − 1)eˣ + C. ಎರಡನೆಯದರಲ್ಲಿ ಘಾತದ ಜಾಗದಲ್ಲಿ x² ಕೂತಿದೆ, ಅದರ ಡಿರೈವೇಟಿವ್ 2x. ಹೊರಗೆ x ಸಿದ್ಧವಾಗಿದೆ, 2 ಮಾತ್ರ ಕಡಿಮೆ. t = x² ಎಂದಿಟ್ಟರೆ ಒಂದೇ ಸಾಲಿನಲ್ಲಿ ½e^(x²) + C ಬರುತ್ತದೆ. ಮೂರನೆಯದಕ್ಕೆ ಎರಡೂ ಬೇಕು. x³ ಅನ್ನು x²·x ಎಂದು ಒಡೆದು t = x² ಎಂದಿಟ್ಟರೆ ½∫ t·eᵗ dt ಆಗುತ್ತದೆ, ಅಂದರೆ ಮೊದಲನೆಯ ಲೆಕ್ಕವೇ ಮರಳಿ ಬಂತು. ಇನ್ನು ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು, ಆದರೆ ಅದಕ್ಕೆ ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಉತ್ತರವೇ ಇಲ್ಲ.

ಹೊರಗೆ ಒಂದು x ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ಲೆಕ್ಕದ ಹಣೆಬರಹ ಬದಲಾಗುತ್ತದೆ. ಹಾಗಾಗಿ ಪೆನ್ನು ಓಡಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು.

1. ಮಿತಿಗಳು ಇವೆಯೇ? ಇದ್ದರೆ ಮೊದಲು ಅವನ್ನು ನೋಡಿ. ಮಿತಿಗಳು −a ಯಿಂದ a ವರೆಗೆ ಇದ್ದು ಒಳಗಿರುವುದು ಬೆಸ ಫಂಕ್ಷನ್ ಆಗಿದ್ದರೆ ಉತ್ತರ ಸೊನ್ನೆ, ಬೇರೆ ಲೆಕ್ಕವೇ ಬೇಡ. ಹಾಗೆಯೇ, ಆ ಮಿತಿಗಳ ನಡುವೆ ಎಲ್ಲಾದರೂ ಛೇದ ಸೊನ್ನೆಯಾಗುತ್ತದೆಯೇ ಎಂದು ಗಮನಿಸಿ. 1/x² ಅನ್ನು −1 ರಿಂದ 1 ರವರೆಗೆ ಸೂತ್ರದ ಪ್ರಕಾರ ಇಂಟಿಗ್ರೇಟ್ ಮಾಡಿದರೆ −2 ಬರುತ್ತದೆ. ಸದಾ ಧನವಾಗಿರುವ ಫಂಕ್ಷನ್‌ಗೆ ಋಣ ಉತ್ತರ ಬಂತೆಂದರೆ ತಪ್ಪಾಗಿದೆ ಎಂದೇ ಅರ್ಥ: x = 0 ಯಲ್ಲಿ ಅದು ಅನಂತಕ್ಕೆ ಹೋಗುತ್ತದೆ, ಸೂತ್ರ ಅಲ್ಲಿ ನಡೆಯುವುದಿಲ್ಲ.

2. ಸರಳಗೊಳಿಸಲು ಸಾಧ್ಯವೇ? ಆವರಣ ಬಿಡಿಸುವುದು, ಭಾಗಿಸುವುದು, ಒಂದು ಭಿನ್ನರಾಶಿಯನ್ನು ಎರಡಾಗಿ ಒಡೆಯುವುದು ಎಲ್ಲವೂ ಬೀಜಗಣಿತದ ಕೆಲಸ. ಎಷ್ಟೋ ಲೆಕ್ಕಗಳು ಇಲ್ಲಿಗೇ ಮುಗಿಯುತ್ತವೆ.

3. ಒಳಗಿರುವುದರ ಡಿರೈವೇಟಿವ್ ಹೊರಗಿದೆಯೇ? ಇದೇ ಅತಿ ಮುಖ್ಯ ಪ್ರಶ್ನೆ. ಘಾತದಲ್ಲಿ, ವರ್ಗಮೂಲದ ಒಳಗೆ, ಛೇದದಲ್ಲಿ, sin ಅಥವಾ log ಒಳಗೆ ಕೂತಿರುವುದನ್ನು t ಎಂದು ಭಾವಿಸಿ ಅದರ ಡಿರೈವೇಟಿವ್ ಹುಡುಕಿ. ಸ್ಥಿರಾಂಕದ ವ್ಯತ್ಯಾಸ ತೊಂದರೆಯಲ್ಲ. ಬದಲಿಸಿದ ಮೇಲೂ ಒಂದು x ಉಳಿದುಕೊಂಡು, ಅದನ್ನು t ಯಲ್ಲಿ ಬರೆಯುವುದು ಇನ್ನೂ ಗೋಜಲಾದರೆ, ಆರಿಸಿದ t ಸರಿಯಿಲ್ಲ.

4. ಬೇರೆ ಜಾತಿಯ ಎರಡು ಫಂಕ್ಷನ್‌ಗಳ ಗುಣಾಕಾರವೇ? ಹಾಗಿದ್ದರೆ ಬೈ ಪಾರ್ಟ್ಸ್. ಯಾವುದನ್ನು ಮೊದಲನೆಯದಾಗಿ ತೆಗೆದುಕೊಳ್ಳಬೇಕು ಎಂಬುದಕ್ಕೆ ನಮ್ಮಲ್ಲಿ ಹೇಳಿಕೊಡುವ ಐಲೇಟ್ ನಿಯಮ ಸಾಕು. ಅದರ ಹಿಂದಿನ ಯುಕ್ತಿ ಇಷ್ಟೇ: ಡಿರೈವೇಟಿವ್ ತೆಗೆದರೆ ಸರಳವಾಗುವುದು ಮೊದಲನೆಯದಾಗಲಿ. x·eˣ ನಲ್ಲಿ ಅದನ್ನು ತಿರುವುಮುರುವು ಮಾಡಿದರೆ ಮುಂದಿನ ಸಾಲಿನಲ್ಲಿ x²·eˣ ಬರುತ್ತದೆ. ಘಾತ ಇಳಿಯುವ ಬದಲು ಏರಿತೆಂದರೆ ಅಲ್ಲೇ ನಿಲ್ಲಿಸಿ ಹಿಂದಿರುಗಬೇಕು.

5. ಬಹುಪದಗಳ ಭಿನ್ನರಾಶಿಯೇ? ಮೊದಲು ಘಾತ ಹೋಲಿಸಿ. ಅಂಶದ ಘಾತ ಛೇದದಷ್ಟೇ ಇದ್ದರೆ ಅಥವಾ ಹೆಚ್ಚಿದ್ದರೆ ಭಾಗಿಸಲೇಬೇಕು. ಆಮೇಲೆ ಛೇದ ಅಪವರ್ತನವಾಗುತ್ತದೆಯೇ ನೋಡಿ. ಆದರೆ ಪಾರ್ಷಿಯಲ್ ಫ್ರ್ಯಾಕ್ಷನ್, ಆಗದ ವರ್ಗ ಬಹುಪದವಾದರೆ ಪೂರ್ಣ ವರ್ಗ ಮಾಡಿ tan⁻¹ ಕಡೆಗೆ ಹೋಗಿ.

ಈಗ ಒಂದು ಲೆಕ್ಕವನ್ನು ಈ ಪಟ್ಟಿ ಹಿಡಿದುಕೊಂಡೇ ಬಿಡಿಸೋಣ.

∫ (x³ + 4x² + 15x + 7) / (x² + 4x + 13) dx

ಮಿತಿಗಳಿಲ್ಲ, ಎರಡನೆಯ ಪ್ರಶ್ನೆಗೆ ಬರೋಣ. ಮೇಲೆ ಘಾತ 3, ಕೆಳಗೆ 2, ಆದ್ದರಿಂದ ಭಾಗಿಸಬೇಕು. ಛೇದವನ್ನು x ನಿಂದ ಗುಣಿಸಿದರೆ x³ + 4x² + 13x. ಅದನ್ನು ಕಳೆದರೆ 2x + 7 ಶೇಷ. ಅಂದರೆ ಒಳಗಿರುವುದು x + (2x + 7)/(x² + 4x + 13). ಮೊದಲ ಪದದಿಂದ x²/2 ಬಂತು.

ಈಗ ಮೂರನೆಯ ಪ್ರಶ್ನೆ. ಛೇದದ ಡಿರೈವೇಟಿವ್ 2x + 4. ಮೇಲಿರುವುದು 2x + 7. ಪೂರ್ತಿ ಹೊಂದಲಿಲ್ಲ ಎಂದು ಕೈಬಿಡಬೇಕಿಲ್ಲ, 2x + 7 ಅನ್ನು (2x + 4) + 3 ಎಂದು ಒಡೆದರೆ ಸಾಕು. ಮೊದಲ ಭಾಗದಲ್ಲಿ ಅಂಶವೇ ಛೇದದ ಡಿರೈವೇಟಿವ್, ಆದ್ದರಿಂದ log(x² + 4x + 13). ಉಳಿದದ್ದು 3/(x² + 4x + 13). ಈ ವರ್ಗ ಬಹುಪದದ ಶೋಧಕ 16 − 52 = −36, ಋಣ; ಅಪವರ್ತನವಾಗುವುದಿಲ್ಲ. ಪೂರ್ಣ ವರ್ಗ ಮಾಡಿದರೆ (x + 2)² + 9. ಇದರಿಂದ tan⁻¹((x + 2)/3). ಒಟ್ಟು ಉತ್ತರ:

x²/2 + log(x² + 4x + 13) + tan⁻¹((x + 2)/3) + C

ಸರಿಯೇ ಎಂದು ತಿಳಿಯಲು ಡಿರೈವೇಟಿವ್ ತೆಗೆಯಬೇಕು. ಸಮಯ ಕಡಿಮೆಯಿದ್ದರೆ ಒಂದು ಬೆಲೆ ಹಾಕಿ ನೋಡಬಹುದು. x = 0 ಆದಾಗ ಉತ್ತರದ ಡಿರೈವೇಟಿವ್ 0 + 4/13 + 3/13 = 7/13. ಮೂಲ ಲೆಕ್ಕದಲ್ಲೂ 7/13. ಒಂದು ಬೆಲೆ ಹೊಂದಿದ ಮಾತ್ರಕ್ಕೆ ಉತ್ತರ ಸರಿ ಎಂದು ಸಾಧಿಸಿದಂತಾಗದು, ಆದರೆ ಹೊಂದದಿದ್ದರೆ ತಪ್ಪು ಖಚಿತ.

ಪುಸ್ತಕದ ಉತ್ತರಕ್ಕೂ ನಿಮ್ಮದಕ್ಕೂ ರೂಪ ಬೇರೆಯಾದರೆ ಗಾಬರಿ ಬೇಡ. 1/(1 + eˣ) ಅನ್ನು ಒಬ್ಬರು ಮೇಲೆ ಕೆಳಗೆ e⁻ˣ ನಿಂದ ಗುಣಿಸಿ −log(1 + e⁻ˣ) ಎಂದು ಬರೆಯುತ್ತಾರೆ. ಇನ್ನೊಬ್ಬರು ಅಂಶದಲ್ಲಿ eˣ ಕೂಡಿಸಿ ಕಳೆದು x − log(1 + eˣ) ಎನ್ನುತ್ತಾರೆ. ಎರಡೂ ಒಂದೇ.

ಕೊನೆಗೆ e^(x²) ನ ವಿಷಯ. ಇಂಥ ಫಂಕ್ಷನ್‌ಗಳ ಇಂಟಿಗ್ರಲ್ ಅನ್ನು ಬಹುಪದ, ಘಾತೀಯ, ಲಾಗರಿದಮ್, ತ್ರಿಕೋನಮಿತಿ ಫಂಕ್ಷನ್‌ಗಳಲ್ಲಿ ಬರೆಯಲು ಯಾವಾಗ ಸಾಧ್ಯ ಎಂಬುದನ್ನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಲಿಯೂವಿಲ್ 1830ರ ದಶಕದಲ್ಲಿ ಶೋಧಿಸಿದರು. ಆ ಸಿದ್ಧಾಂತದ ಪ್ರಕಾರ e^(x²) ಮತ್ತು e^(−x²) ಎರಡಕ್ಕೂ ಅಂಥ ಉತ್ತರವಿಲ್ಲ. ಸಂಖ್ಯಾಶಾಸ್ತ್ರದವರು ನಾರ್ಮಲ್ ವಕ್ರರೇಖೆಯ ಕೆಳಗಿನ ವಿಸ್ತೀರ್ಣಕ್ಕೆ ಕೋಷ್ಟಕ ನೋಡುವುದು ಇದೇ ಕಾರಣಕ್ಕೆ. ಆದರೂ −∞ ಯಿಂದ ∞ ವರೆಗೆ e^(−x²) ನ ಇಂಟಿಗ್ರಲ್ ನಿಖರವಾಗಿ √π. ಸಾಮಾನ್ಯ ಸೂತ್ರ ಇಲ್ಲದಿದ್ದರೂ ನಿರ್ದಿಷ್ಟ ಮಿತಿಗಳಲ್ಲಿ ಉತ್ತರ ಇರಬಹುದು. ಮಿತಿಗಳನ್ನು ಮೊದಲು ನೋಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ಲೆಕ್ಕ ಬಿಡಿಸಿದ ಮೇಲೆ ನೋಟ್‌ಬುಕ್ಕಿನ ಅಂಚಿನಲ್ಲಿ, ಯಾವ ಗುರುತು ನೋಡಿ ಈ ವಿಧಾನ ಆರಿಸಿದಿರಿ ಎಂದು ಒಂದು ಸಾಲು ಬರೆದಿಡಿ: ‘ಛೇದದ ಡಿರೈವೇಟಿವ್ ಮೇಲೆಯೇ ಇತ್ತು’, ‘ಶೋಧಕ ಋಣ’, ಹೀಗೆ. ಪರೀಕ್ಷೆಯ ಹಿಂದಿನ ದಿನ ಲೆಕ್ಕಗಳನ್ನೆಲ್ಲ ಮತ್ತೆ ಬಿಡಿಸುವ ಬದಲು ಆ ಸಾಲುಗಳನ್ನು ಓದಿಕೊಳ್ಳಿ.