ಐದು ಕೆ.ಜಿ. ಅಕ್ಕಿಗೆ ಮೊಣಕೈ ತೆರುವ ಬೆಲೆ

5 ಕೆ.ಜಿ. ಅಕ್ಕಿಯ ಚೀಲ ಅಂಗೈ ಮೇಲಿದೆ. ಮೊಣಕೈ ಮಡಿಸಿ, ಮುಂದೋಳನ್ನು ನೆಲಕ್ಕೆ ಸಮವಾಗಿ ಚಾಚಿ ನಿಂತಿದ್ದೀರಿ. ರಟ್ಟೆಯ ಸ್ನಾಯು ಈಗ ಎಷ್ಟು ಬಲದಿಂದ ಎಳೆಯುತ್ತಿರಬಹುದು? ಐದು ಕೆ.ಜಿ. ಎಂದುಕೊಂಡರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ.

ಬಾಗಿಲನ್ನು ಕೀಲಿನ ಪಕ್ಕದಲ್ಲೇ ಒತ್ತಿ ತೆರೆಯಲು ಹೋದವರಿಗೆ ಕಾರಣ ಗೊತ್ತು. ತಿರುಗಿಸುವ ಸಾಮರ್ಥ್ಯ ಬಲವನ್ನಷ್ಟೇ ಅಲ್ಲ, ಕೀಲಿನಿಂದ ಇರುವ ದೂರವನ್ನೂ ಅವಲಂಬಿಸಿದೆ. ಎರಡರ ಗುಣಲಬ್ಧವೇ ಮೊಮೆಂಟ್. ಕೈ ಅಲುಗದೆ ನಿಲ್ಲಬೇಕಾದರೆ ಅದನ್ನು ಕೆಳಕ್ಕೆ ತಿರುಗಿಸುವ ಮೊಮೆಂಟೂ ಮೇಲಕ್ಕೆ ತಿರುಗಿಸುವ ಮೊಮೆಂಟೂ ಸಮವಾಗಿರಬೇಕು.

ಚೀಲ ಮೊಣಕೈಯಿಂದ 35 ಸೆಂ.ಮೀ. ದೂರದಲ್ಲಿದೆ ಎನ್ನೋಣ. 5ನ್ನು 35ರಿಂದ ಗುಣಿಸಿದರೆ 175. ಮುಂದೋಳು, ಹಸ್ತಗಳಿಗೂ ಸುಮಾರು 1.5 ಕೆ.ಜಿ. ತೂಕವಿದೆ, ಅದರ ಗುರುತ್ವ ಕೇಂದ್ರ 15 ಸೆಂ.ಮೀ. ಆಚೆಗಿದೆ ಎಂದಿಟ್ಟುಕೊಂಡರೆ ಇನ್ನೊಂದು 22.5. ಒಟ್ಟು 197.5. ಇದನ್ನು ಎದುರಿಸಬೇಕಾದ ಬೈಸೆಪ್ಸ್ ಸ್ನಾಯು ಮುಂದೋಳಿನ ಮೂಳೆಯನ್ನು ಹಿಡಿದಿರುವುದು ಮೊಣಕೈಯಿಂದ ಸುಮಾರು 4 ಸೆಂ.ಮೀ. ದೂರದಲ್ಲಿ. 197.5ನ್ನು 4ರಿಂದ ಭಾಗಿಸಿದರೆ 49ಕ್ಕೂ ಹೆಚ್ಚು. ಅಂದರೆ ಸ್ನಾಯು 49 ಕೆ.ಜಿ. ಭಾರ ಎತ್ತುವಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತಿದೆ.

ಮೇಲಕ್ಕೆ 49, ಕೆಳಕ್ಕೆ ಬರೀ ಆರೂವರೆ. ಹಾಗಾದರೆ ಕೈ ಮೇಲಕ್ಕೆ ಹಾರಬೇಕಿತ್ತಲ್ಲ? ತಡೆಯುವುದು ರಟ್ಟೆಯ ಮೂಳೆ. ಅದು ಮುಂದೋಳನ್ನು ಸುಮಾರು 43 ಕೆ.ಜಿ. ಬಲದಿಂದ ಕೆಳಕ್ಕೆ ಒತ್ತಿ ಹಿಡಿದಿದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಕೀಲು ಕೈಯನ್ನು ಕೆಳಗಿನಿಂದ ಆನಿಸಿಕೊಂಡಿದೆ ಎಂದೇ ಬಾಣವನ್ನು ಮೇಲ್ಮುಖವಾಗಿ ಬರೆದುಬಿಡುತ್ತಾರೆ. ಉತ್ತರ ಸರಿಯೇ ಎಂದು ನೋಡಲು ಮೊಣಕೈ ಬಿಟ್ಟು, ಸ್ನಾಯು ಅಂಟಿರುವ ಜಾಗದಿಂದ ದೂರಗಳನ್ನು ಅಳೆಯಿರಿ: ಚೀಲಕ್ಕೆ 31, ಕೈಯ ತೂಕಕ್ಕೆ 11, ಕೀಲಿಗೆ 4. ಮತ್ತೆ 43ರ ಹತ್ತಿರವೇ ಬರುತ್ತದೆ.

ಸ್ನಾಯುವಿನ ಬಲ ಹೊರೆಗಿಂತ ಎಷ್ಟೋ ಹೆಚ್ಚೆಂದು ಇಟಲಿಯ ಜಿಯೊವಾನಿ ಬೊರೆಲ್ಲಿ 17ನೇ ಶತಮಾನದಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಇದು ದುಂದಿನಂತೆ ಕಂಡರೂ ಪ್ರತಿಫಲ ಇಲ್ಲದಿಲ್ಲ: ಸ್ನಾಯು 1 ಸೆಂ.ಮೀ. ಕುಗ್ಗಿದರೆ ಅಂಗೈ ಹೆಚ್ಚುಕಡಿಮೆ 9 ಸೆಂ.ಮೀ. ಚಲಿಸುತ್ತದೆ. ಬಲ ಕೊಟ್ಟು ವೇಗ ಕೊಂಡಂತೆ.

ಅದೇ ಚೀಲವನ್ನು ಮುಂದೋಳಿಗೆ, ಮೊಣಕೈಯಿಂದ 5 ಸೆಂ.ಮೀ. ದೂರದಲ್ಲಿ ನೇತುಹಾಕಿಕೊಳ್ಳಿ. ಸ್ನಾಯುವಿನ ಬಲ 12 ಕೆ.ಜಿ.ಗೆ ಇಳಿಯುತ್ತದೆ. ಸಂತೆಯಿಂದ ಬರುವ ಅಜ್ಜಿಯರು ಬುಟ್ಟಿಯನ್ನು ಮೊಣಕೈ ಮಡಿಕೆಗೆ ಸಿಕ್ಕಿಸಿಕೊಳ್ಳುವುದು ಸುಮ್ಮನಲ್ಲ.

ಈ ಲೆಕ್ಕದಲ್ಲಿ ಒಂದು ಜಾಣ ಸರಳೀಕರಣವಿದೆ. ನಿಜವಾಗಿ ಮೊಣಕೈ ಮಡಿಸುವುದು ಬೈಸೆಪ್ಸ್ ಒಂದೇ ಅಲ್ಲ. ಅದರಡಿಯ ಬ್ರೇಕಿಯಾಲಿಸ್ ಮತ್ತು ಮುಂದೋಳಿನ ಬ್ರೇಕಿಯೋರೇಡಿಯಾಲಿಸ್ ಕೂಡ ಕೈಜೋಡಿಸುತ್ತವೆ. ಯಾರ ಪಾಲು ಎಷ್ಟೆಂದು ಮೊಮೆಂಟಿನ ಒಂದೇ ಸಮೀಕರಣ ಹೇಳಲಾರದು. ಇನ್ನು ಹೊರೆ ಜಾರೀತೆಂಬ ಭಯಕ್ಕೆ ಕೈಯನ್ನು ಬಿಗಿ ಹಿಡಿದರೆ ಹಿಂಬದಿಯ ಟ್ರೈಸೆಪ್ಸ್ ಸಹ ಎಳೆಯತೊಡಗುತ್ತದೆ. ಆಗ ಬೈಸೆಪ್ಸ್ ಅದನ್ನೂ ಎದುರಿಸಬೇಕು. ಅಕ್ಕಿ ಅಷ್ಟೇ ಇದ್ದರೂ ಕೀಲಿನ ಮೇಲಿನ ಒತ್ತಡ 43ನ್ನು ದಾಟುತ್ತದೆ.