ಹಬ್ಬದ ಜಾಹೀರಾತು, ಊರಿನ ಸೂತಕ

2021ರ ಅಕ್ಟೋಬರ್ 29, ಶುಕ್ರವಾರ. ದೀಪಾವಳಿಯ ಲಕ್ಷ್ಮೀಪೂಜೆಗೆ ಆರೇ ದಿನ ಉಳಿದಿತ್ತು. ನಲವತ್ತಾರು ವರ್ಷದ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಮಧ್ಯಾಹ್ನದ ಹೊತ್ತಿಗೆ ನಾಡೆಲ್ಲ ಹರಡಿತು. ಎಷ್ಟೋ ಅಂಗಡಿಗಳು ಬಾಗಿಲೆಳೆದವು. ಆದರೆ ಈ ಕಾಲದ ಅಂಗಡಿ ಬಾಗಿಲು ಮುಚ್ಚಿದ ಮೇಲೂ ಮಾತನಾಡುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೆ ವಾರದ ಮೊದಲೇ ಬರೆದು, ವೇಳೆ ಗೊತ್ತುಮಾಡಿಟ್ಟ ಜಾಹೀರಾತು ತನ್ನ ಗಳಿಗೆಗೆ ತಾನೇ ಹೊರಡುತ್ತದೆ.

ಅಂಥದೊಂದು ಜವಳಿ ಅಂಗಡಿಯನ್ನು ಊಹಿಸಿಕೊಳ್ಳೋಣ. ಅಂದು ಸಂಜೆ ಆರಕ್ಕೆ ಹೊರಡಬೇಕಾದ ಬರಹದ ತಲೆಬರಹ ‘ಪವರ್ ಧಮಾಕಾ’. ಬರೆದಾಗ ಅದು ನಿರ್ದೋಷಿ. ‘ಪವರ್ ಸ್ಟಾರ್’ ಎಂದು ಕರೆಸಿಕೊಂಡವರು ಹೋದ ದಿನ ಅದೇ ಪದ ಅಣಕವಾಗಿಯೋ, ಸಾವಿನ ವ್ಯಾಪಾರವಾಗಿಯೋ ಕೇಳಿಸುತ್ತದೆ.

ತಡೆಯುವ ಕೆಲಸ ಒಂದೇ ಕಡೆ ಮುಗಿಯುವುದಿಲ್ಲ. ಒಮ್ಮೆ ಹೋದ ಎಸ್ಸೆಮ್ಮೆಸ್ಸನ್ನು ಹಿಂದಕ್ಕೆ ಕರೆಯಲಾಗದು. ಆದ್ದರಿಂದ ಅದನ್ನು ಸಾಮೂಹಿಕವಾಗಿ ಕಳಿಸುವವರಿಗೆ ಮೊದಲ ಫೋನು. ಆಮೇಲೆ ವೇಳೆ ಕಟ್ಟಿಟ್ಟ ಬರಹಗಳು. ಬಹುಮಂದಿ ಇಷ್ಟಕ್ಕೇ ನಿಶ್ಚಿಂತರಾಗುತ್ತಾರೆ. ಹಣ ಕಟ್ಟಿ ಓಡಿಸುತ್ತಿರುವ ಜಾಹೀರಾತುಗಳ ಲೆಕ್ಕ ಬೇರೆ. ಅವನ್ನು ಅಲ್ಲಿಗೇ ಹೋಗಿ ನಿಲ್ಲಿಸಬೇಕು. ಒಂದೆರಡು ಗಂಟೆಯ ಮೇಲೂ ಖರ್ಚಿನ ಅಂಕಿ ಏರುತ್ತಲೇ ಇದ್ದರೆ ಯಾವುದೋ ಒಂದು ಇನ್ನೂ ಓಡುತ್ತಿದೆಯೆಂದೇ ಅರ್ಥ.

ಗಾಬರಿಯಲ್ಲಿ ಅಳಿಸಿಹಾಕುವುದು ಬೇಡ, ಕರಡಾಗಿ ಇಟ್ಟುಕೊಂಡರೆ ಸಾಕು. ಬರಿದೆ ತಡೆದು ಮತ್ತೆ ತೆರೆಯುವುದೂ ಸಲ್ಲದು. ಕೆಲವು ಸಾಧನಗಳಲ್ಲಿ ತಡೆದ ಸಾಲು ತೆರೆದೊಡನೆ ಉಳಿದ ಬರಹಗಳು ಮುಂದಿನ ವೇಳೆಗಳಿಗೆ ಸರಿದು ನಿಲ್ಲುತ್ತವೆ. ಆಗ ‘ಹಬ್ಬಕ್ಕೆ ಇನ್ನು ಐದೇ ದಿನ’ ಎಂಬುದು ಹಬ್ಬದ ಹಿಂದಿನ ದಿನ ಹೊರಬಂದು ನಗೆಪಾಟಲಾಗುತ್ತದೆ.

ಹಾಗೆಂದು ಹದಿನೈದು ದಿನ ಮೌನವಾಗಿರಲೂ ಆಗದು. ಸಾಲ ತಂದು ತುಂಬಿದ ಸೀರೆಗಳು ಹಬ್ಬ ಕಳೆದರೆ ಉಳಿದುಬಿಡುತ್ತವೆ. ಮಾರಾಟದ ಮೇಲೆ ಕಮಿಷನ್ ಪಡೆಯುವ ಹುಡುಗರ ಹಬ್ಬವೂ ಅದರಲ್ಲಿದೆ. ಅಂತ್ಯಕ್ರಿಯೆ ಕಂಠೀರವ ಸ್ಟುಡಿಯೋದಲ್ಲಿ ನಡೆದದ್ದು ಭಾನುವಾರ, 31ರಂದು, ಮರುದಿನ ರಾಜ್ಯೋತ್ಸವ. ನಾನಾಗಿದ್ದರೆ ಸೋಮವಾರವನ್ನೂ ಬಿಟ್ಟು, ಮಂಗಳವಾರ ಹೊಸದಾಗಿ ಬರೆಯುತ್ತಿದ್ದೆ: ‘ಅಂಗಡಿ ಇಂದಿನಿಂದ ತೆರೆದಿದೆ. ಹಬ್ಬದ ರಿಯಾಯಿತಿ ಗುರುವಾರದವರೆಗೆ ಮೊದಲಿನಂತೆಯೇ ಇದೆ. ಹೊಲಿಗೆಗೆ ಕೊಟ್ಟವರು ನಾಳೆ ಸಂಜೆ ಬಟ್ಟೆ ಪಡೆಯಬಹುದು.’ ಧಮಾಕಾ ಇಲ್ಲ, ಪಟಾಕಿಯ ಚಿತ್ರವಿಲ್ಲ. ಅಗಲಿದವರ ಭಾವಚಿತ್ರದ ಕೆಳಗೆ ಅಂಗಡಿಯ ಹೆಸರೂ ದರಪಟ್ಟಿಯೂ ಅಂತೂ ಬೇಡವೇ ಬೇಡ. ಹೊಲಿಗೆಯ ಆ ಸೂಚನೆಯನ್ನು ಮಾತ್ರ ಶುಕ್ರವಾರವೇ ಹಾಕಿದರೂ ತಪ್ಪಿಲ್ಲ; ಅದು ಮಾರಾಟವಲ್ಲ, ಗಿರಾಕಿಗೆ ಕೊಡಬೇಕಾದ ಉತ್ತರ.

ಇಷ್ಟೆಲ್ಲ ಮಾಡಿದವರೂ ಮರೆಯುವುದು ವಾಟ್ಸಾಪಿನ ಸ್ವಯಂಚಾಲಿತ ಉತ್ತರವನ್ನು. ‘ಅಂಗಡಿ ಇವತ್ತು ಇದೆಯೇ?’ ಎಂದು ದುಃಖದ ದಿನ ಕೇಳಿದವರಿಗೆ ‘ಸಂಭ್ರಮಕ್ಕೆ ಸುಸ್ವಾಗತ!’ ಎಂದು ಅದು ಹೇಳುತ್ತಲೇ ಇರುತ್ತದೆ.