ಹೂವೊಳಗೆ ಅಡಗಿದ ದಾರಿ

ಹಾಸ್ಟೆಲಿನಲ್ಲಿ ಇಬ್ಬರಿಗೊಂದು ಕೋಣೆ. ಆರು ಹುಡುಗಿಯರಲ್ಲಿ ಒಟ್ಟಿಗಿರಲು ಒಪ್ಪುವವರು: ಆಶಾ–ಭಾರತಿ, ಭಾರತಿ–ಚಿತ್ರಾ, ಚಿತ್ರಾ–ದೀಪಾ, ದೀಪಾ–ಈಶ್ವರಿ, ಈಶ್ವರಿ–ಚಿತ್ರಾ, ದೀಪಾ–ಫಾತಿಮಾ. ಈಗ ಭಾರತಿ–ಚಿತ್ರಾ ಒಂದು ಜೋಡಿ, ದೀಪಾ–ಈಶ್ವರಿ ಇನ್ನೊಂದು. ಆಶಾ, ಫಾತಿಮಾ ಒಂಟಿ.

ಒಂಟಿಯಿಂದ ಒಂಟಿಗೆ, ಜೋಡಿಯಲ್ಲದ ಕೊಂಡಿ, ಜೋಡಿಯ ಕೊಂಡಿ ಎಂದು ಸರದಿಯಲ್ಲಿ ಸಾಗುವ ದಾರಿ ಸಿಕ್ಕರೆ ಅದರ ಕೊಂಡಿಗಳನ್ನು ಅದಲುಬದಲು ಮಾಡಿ ಒಂದು ಜೋಡಿ ಹೆಚ್ಚಿಸಬಹುದು. ಅಂಥ ದಾರಿ ಇಲ್ಲದಿದ್ದರೆ ಜೋಡಿಗಳು ಗರಿಷ್ಠ ಎಂದು ಕ್ಲಾಡ್ ಬೆರ್ಜ್ 1957ರಲ್ಲಿ ತೋರಿಸಿದ.

ಹುಡುಕುವುದೇ ಕಷ್ಟ. ಆಶಾಳಿಂದ ಹೊರಟು ಭಾರತಿ, ಚಿತ್ರಾ ದಾಟಿ ನೇರ ದೀಪಾಳಿಗೆ ಬಂದರೆ ಮುಂದೆ ಜೋಡಿಯ ಕೊಂಡಿಯನ್ನೇ ಹಿಡಿಯಬೇಕು. ಅದು ಈಶ್ವರಿಗೆ ಒಯ್ಯುತ್ತದೆ. ಅಲ್ಲಿಂದ ಮತ್ತೆ ಚಿತ್ರಾ. ‘ದೀಪಾಳನ್ನು ನೋಡಿಯಾಯಿತು’ ಎಂದು ಗುರುತು ಹಾಕಿಕೊಂಡ ಹುಡುಕಾಟ ಸೋತು ನಿಲ್ಲುತ್ತದೆ. ಎರಡು ಪಂಗಡಗಳ ನಡುವಷ್ಟೇ ಕೊಂಡಿಗಳಿದ್ದರೆ ಬೆಸ ಸುತ್ತು ಇರುವುದಿಲ್ಲ, ಈ ಪೇಚೂ ಇಲ್ಲ.

1965ರಲ್ಲಿ ಜ್ಯಾಕ್ ಎಡ್ಮಂಡ್ಸ್ ಕೊಟ್ಟ ಉಪಾಯ ಚತುರವಾದದ್ದು: ಚಿತ್ರಾ, ದೀಪಾ, ಈಶ್ವರಿಯರ ತ್ರಿಕೋನವನ್ನು ಒಂದೇ ಬಿಂದುವಾಗಿ ಕುಗ್ಗಿಸುವುದು. ಅದಕ್ಕೆ ಅವನಿಟ್ಟ ಹೆಸರು ‘ಬ್ಲಾಸಮ್’. ಈಗ ಆಶಾ, ಭಾರತಿ, ಹೂವು, ಫಾತಿಮಾ ಎಂಬ ದಾರಿ ಕಣ್ಣೆದುರಿಗೇ ಇದೆ.

ಹೂವನ್ನು ಮತ್ತೆ ಬಿಡಿಸುವಾಗ ದಿಕ್ಕು ಮುಖ್ಯ. ಚಿತ್ರಾಳಿಂದ ದೀಪಾಳನ್ನು ಈಶ್ವರಿಯ ಮೂಲಕ ತಲುಪಬೇಕು, ಆಗಲೇ ಸರದಿ ತಪ್ಪದು. ಅದಲುಬದಲಾದ ಮೇಲೆ ಆಶಾ–ಭಾರತಿ, ಚಿತ್ರಾ–ಈಶ್ವರಿ, ದೀಪಾ–ಫಾತಿಮಾ: ಮೂರು ಕೋಣೆ ಭರ್ತಿ.